ರೇಷಿಯೋ ಏರಿದರೆ ಏನರ್ಥ, ಇಳಿದರೆ ಏನರ್ಥ? ಪರೀಕ್ಷೆಗೆ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಅಕೌಂಟೆನ್ಸಿ, ಬಿ.ಕಾಂ, ಸಿಎ ಇಂಟರ್, ಎಲ್ಲಾದರೂ ಸರಿ, ರೇಷಿಯೋ ಲೆಕ್ಕ ಹಾಕುವುದು ಬಹಳ ಜನಕ್ಕೆ ಬರುತ್ತದೆ. ಕಷ್ಟವಾಗುವುದು ಅದರ ಕೆಳಗಿನ ಸಾಲು: "ನಿಮ್ಮ ಅಭಿಪ್ರಾಯ ಬರೆಯಿರಿ." ಎಲ್ಲ ರೇಷಿಯೋಗಳನ್ನೂ ಇಲ್ಲಿ ಹಿಡಿದಿಲ್ಲ. ದಿನನಿತ್ಯದ ವ್ಯವಹಾರದ ಹಣ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹೇಳುವ ಕೆಲವನ್ನು ಮಾತ್ರ ತೆಗೆದುಕೊಂಡು, ಒಂದೇ ಉದಾಹರಣೆಯ ಮೇಲೆ ಪೂರ್ತಿ ಕೆಲಸ ಮಾಡಿದ್ದೇನೆ.

ಕರೆಂಟ್ ರೇಷಿಯೋ ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಇಷ್ಟು ಬರೆದರೆ ಸಾಲದಾ?

ಸಾಲದು. ಎಷ್ಟೋ ಸಲ ಅದು ತಪ್ಪೇ ಆಗುತ್ತದೆ.

ರೇಷಿಯೋ ಅಂದರೆ ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಮೇಲಿನದು ಹೆಚ್ಚಾದರೂ ರೇಷಿಯೋ ಏರುತ್ತದೆ, ಕೆಳಗಿನದು ಕಡಿಮೆಯಾದರೂ ಏರುತ್ತದೆ. ಎರಡೂ ಹೆಚ್ಚಾಗಿ, ಮೇಲಿನದು ಸ್ವಲ್ಪ ಜಾಸ್ತಿ ಹೆಚ್ಚಾದರೂ ಏರುತ್ತದೆ. ಈ ಮೂರೂ ಬೇರೆ ಬೇರೆ ಕಥೆಗಳು. ಚಾಲ್ತಿ ಆಸ್ತಿ ಹೆಚ್ಚಿದ್ದು ನಗದಿನಿಂದಲೋ, ಮಾರಾಟವಾಗದ ಸ್ಟಾಕ್‌ನಿಂದಲೋ, ವಸೂಲಾಗದ ಬಾಕಿಯಿಂದಲೋ? ಅದನ್ನು ನೋಡದೆ "ಸ್ಥಿತಿ ಸುಧಾರಿಸಿದೆ" ಎಂದು ಬರೆದರೆ ಅದು ಊಹೆ, ವಿಶ್ಲೇಷಣೆಯಲ್ಲ.

ಹಾಗಾಗಿ ಏರಿಕೆ ಇಳಿಕೆ ಕಂಡ ಕೂಡಲೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಯಾವ ಭಾಗ ಕದಲಿತು? ಎರಡನೆಯದು: ಅದೇ ಮಾತನ್ನು ಇನ್ನೊಂದು ರೇಷಿಯೋ ಕೂಡ ಹೇಳುತ್ತಿದೆಯಾ?

ಉದಾಹರಣೆ ಯಾವುದು?

ಲೆಕ್ಕಕ್ಕಾಗಿ ಮಾಡಿಕೊಂಡ ಒಂದು ಪಾಲುದಾರಿಕೆ ಸಂಸ್ಥೆ. ಹಾವೇರಿಯಲ್ಲಿ ನೀರಾವರಿ ಪಂಪ್, ಪೈಪ್, ಸ್ಪ್ರಿಂಕ್ಲರ್‌ಗಳ ಸಗಟು ವ್ಯಾಪಾರ. ಸುತ್ತಲಿನ ಹಳ್ಳಿಗಳ ಅಂಗಡಿಯವರಿಗೆ ಪೂರ್ತಿ ಉದ್ದರಿಯ ಮೇಲೆ ಮಾಲು ಕೊಡುತ್ತಾರೆ. ಆ ಅಂಗಡಿಯವರು ರೈತರಿಗೆ ಮಾರುತ್ತಾರೆ. ವರ್ಷಗಳನ್ನು ಬೇಕೆಂದೇ ಆರಿಸಿದ್ದೇನೆ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂಥ ವರ್ಷದಲ್ಲಿ ಇಂಥ ವ್ಯಾಪಾರದ ಬ್ಯಾಲೆನ್ಸ್ ಶೀಟ್ ಹೇಗೆ ಕಾಣಬಹುದು ಎಂದು ನೋಡೋಣ.

ಎಲ್ಲ ಅಂಕಿ ಲಕ್ಷ ರೂಪಾಯಿಗಳಲ್ಲಿ:

| ವಿವರ | 2022-23 | 2023-24 |
|---|---|---|
| ಮಾರಾಟ | 240 | 240 |
| ಮಾರಿದ ಮಾಲಿನ ವೆಚ್ಚ | 180 | 192 |
| ಇತರ ಖರ್ಚು | 30 | 30 |
| ಬಡ್ಡಿ | 3 | 6 |
| ವರ್ಷಾಂತ್ಯದ ಸ್ಟಾಕ್ | 30 | 64 |
| ಗಿರಾಕಿಗಳಿಂದ ಬರಬೇಕಾದ ಬಾಕಿ | 30 | 48 |
| ನಗದು ಮತ್ತು ಬ್ಯಾಂಕ್ | 12 | 3 |
| ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿ | 30 | 32 |
| ಬ್ಯಾಂಕ್ ಓವರ್‌ಡ್ರಾಫ್ಟ್ | 10 | 18 |
| ದೀರ್ಘಾವಧಿ ಸಾಲ | 20 | 45 |
| ಪಾಲುದಾರರ ಬಂಡವಾಳ | 80 | 88 |

2022-23ರ ಆರಂಭದ ಸ್ಟಾಕ್ ಕೂಡ 30 ಲಕ್ಷ ಎಂದುಕೊಳ್ಳಿ. ಗೋದಾಮು, ವಾಹನ ಮುಂತಾದ ಸ್ಥಿರ ಆಸ್ತಿ ಎರಡೂ ವರ್ಷ 68 ಲಕ್ಷ.

ಇಲ್ಲಿ ಕರೆಂಟ್ ರೇಷಿಯೋ ಏನು ಹೇಳುತ್ತದೆ?

ಮೊದಲ ವರ್ಷ ಚಾಲ್ತಿ ಆಸ್ತಿ 72, ಚಾಲ್ತಿ ಹೊಣೆಗಾರಿಕೆ 40. ರೇಷಿಯೋ 1.8:1. ಎರಡನೇ ವರ್ಷ 115 ಮತ್ತು 50. ರೇಷಿಯೋ 2.3:1.

ಪುಸ್ತಕದಲ್ಲಿ ಆದರ್ಶ 2:1 ಎಂದಿದೆ. ಮೊದಲು ಕೆಳಗಿತ್ತು, ಈಗ ಮೇಲಕ್ಕೆ ಬಂದಿದೆ. ಸುಮ್ನೆ ನೋಡಿದರೆ ಸಂಸ್ಥೆ ಗಟ್ಟಿಯಾಗಿದೆ ಎಂದು ಅನ್ನಿಸುತ್ತದೆ, ಅಲ್ವಾ?

ಈಗ ಯಾವ ಭಾಗ ಕದಲಿತು ನೋಡಿ. ಸ್ಟಾಕ್ 34 ಲಕ್ಷ ಹೆಚ್ಚಾಯಿತು. ಬರಬೇಕಾದ ಬಾಕಿ 18 ಲಕ್ಷ ಹೆಚ್ಚಾಯಿತು. ಎರಡೂ ಸೇರಿ 52 ಲಕ್ಷ. ಮಾರಾಟ ಮಾತ್ರ ಒಂದು ರೂಪಾಯಿಯೂ ಹೆಚ್ಚಿಲ್ಲ. ಅಂದರೆ ಅಷ್ಟೇ ವ್ಯಾಪಾರ ಮಾಡಲು 52 ಲಕ್ಷ ಹೆಚ್ಚು ಹಣ ಬೇಕಾಯಿತು.

ಆ 52 ಲಕ್ಷ ಎಲ್ಲಿಂದ ಬಂತು? ದೀರ್ಘಾವಧಿ ಸಾಲ 25, ಓವರ್‌ಡ್ರಾಫ್ಟ್ 8, ಮಾಲು ಕೊಟ್ಟವರಿಂದ 2, ಉಳಿಸಿಕೊಂಡ ಲಾಭ 8, ಕೈಯಲ್ಲಿದ್ದ ನಗದಿನಿಂದ 9. ಕೂಡಿಸಿ ನೋಡಿ, ಸರಿಯಾಗಿ 52.

ಕರೆಂಟ್ ರೇಷಿಯೋ ಏರಿದ ನಿಜವಾದ ಕಾರಣ ಇದು. ಸಾಲದ ದೊಡ್ಡ ಭಾಗ ದೀರ್ಘಾವಧಿಯದ್ದಾದ್ದರಿಂದ ರೇಷಿಯೋದ ಕೆಳಭಾಗಕ್ಕೆ ಅದು ಬರಲೇ ಇಲ್ಲ. ಅದರಿಂದ ತುಂಬಿದ ಸ್ಟಾಕ್ ಮತ್ತು ಬಾಕಿ ಮಾತ್ರ ಮೇಲ್ಭಾಗಕ್ಕೆ ಬಂತು. ಸಾಲ ಮಾಡಿ ಗೋದಾಮು ತುಂಬಿಸಿದರೂ ಕರೆಂಟ್ ರೇಷಿಯೋ ಚೆಂದ ಕಾಣುತ್ತದೆ. ಪರೀಕ್ಷೆಯಲ್ಲಿ ಈ ಒಂದು ವಾಕ್ಯ ಬರೆದವರ ಉತ್ತರ ಉಳಿದವರಿಗಿಂತ ಬೇರೆಯಾಗಿ ನಿಲ್ಲುತ್ತದೆ.

ಕ್ವಿಕ್ ರೇಷಿಯೋ ನೋಡಿದರೆ ಗುಟ್ಟು ಗೊತ್ತಾಗುವುದಿಲ್ಲವಾ?

ಅರ್ಧ ಗೊತ್ತಾಗುತ್ತದೆ. ಸ್ಟಾಕ್ ಬಿಟ್ಟು ಲೆಕ್ಕ ಹಾಕಿದರೆ ಮೊದಲ ವರ್ಷ 42/40, ಅಂದರೆ 1.05. ಎರಡನೇ ವರ್ಷ 51/50, ಅಂದರೆ 1.02. ಹೆಚ್ಚುಕಡಿಮೆ ಅಲ್ಲೇ ಇದೆ. ಕರೆಂಟ್ ರೇಷಿಯೋ ಜೋರಾಗಿ ಏರಿ ಕ್ವಿಕ್ ರೇಷಿಯೋ ನಿಂತಲ್ಲೇ ನಿಂತರೆ, ಏರಿಕೆಯೆಲ್ಲ ಸ್ಟಾಕ್‌ನದ್ದು ಎಂದು ಖಚಿತವಾಗಿ ಬರೆಯಬಹುದು.

ಆದರೆ 1:1 ಆದರ್ಶ, ನಮ್ಮದು 1.02, ಆದ್ದರಿಂದ ಕ್ಷೇಮ ಎಂದು ನಿಲ್ಲಿಸಬೇಡಿ. ಕ್ವಿಕ್ ರೇಷಿಯೋ ಒಳಗೆ ಏನಿದೆ ನೋಡಿ. ಮೊದಲ ವರ್ಷದ 42ರಲ್ಲಿ 12 ನಗದು. ಎರಡನೇ ವರ್ಷದ 51ರಲ್ಲಿ ನಗದು ಬರೀ 3, ಉಳಿದ 48 ಹಳ್ಳಿ ಅಂಗಡಿಗಳವರು ಕೊಡಬೇಕಾದ ಬಾಕಿ. ನಗದನ್ನಷ್ಟೇ ಹೊಣೆಗಾರಿಕೆಗೆ ಹೋಲಿಸಿದರೆ 0.30 ಇದ್ದದ್ದು 0.06ಕ್ಕೆ ಬಂದಿದೆ.

ಬಾಕಿಯ ವಯಸ್ಸು ಕೊಟ್ಟಿದ್ದರೆ ಇನ್ನೂ ಒಂದು ಹೆಜ್ಜೆ ಹೋಗಿ. ಆ 48ರಲ್ಲಿ 15 ಲಕ್ಷ ಆರು ತಿಂಗಳು ದಾಟಿದ ಬಾಕಿ ಎಂದುಕೊಳ್ಳಿ. ಬರಗಾಲದಲ್ಲಿ ಬೆಳೆ ಹೋದ ರೈತ ಅಂಗಡಿಗೆ ಕೊಟ್ಟಿಲ್ಲ, ಅಂಗಡಿಯವರು ಇವರಿಗೆ ಕೊಟ್ಟಿಲ್ಲ. ಆ ಹಣ ತಕ್ಷಣ ಬರುವಂಥದ್ದಲ್ಲ. ಅದನ್ನು ತೆಗೆದರೆ ಉಳಿಯುವುದು 36/50, ಅಂದರೆ 0.72. ಒಂದೇ ಬ್ಯಾಲೆನ್ಸ್ ಶೀಟ್‌ನಲ್ಲಿ 2.3, 1.02, 0.72, 0.06 ನಾಲ್ಕೂ ಇವೆ. ಮೊದಲನೆಯದು ನೆಮ್ಮದಿ ಕೊಡುತ್ತದೆ, ಕೊನೆಯದು ಈ ವಾರ ಸಂಬಳ ಕೊಡಲು ಹಣ ಇದೆಯಾ ಎಂದು ಕೇಳುತ್ತದೆ.

ಸ್ಟಾಕ್ ಟರ್ನ್‌ಓವರ್ ಇಳಿದರೆ ಯಾವಾಗಲೂ ಮಾಲು ಮಾರಾಟವಾಗುತ್ತಿಲ್ಲ ಎಂದೇ ಅರ್ಥವಾ?

ಸಾಮಾನ್ಯವಾಗಿ ಹೌದು, ಆದರೆ ಪುರಾವೆ ಬೇಕು.

ವರ್ಷಾಂತ್ಯದ ಸ್ಟಾಕ್ ಇಟ್ಟುಕೊಂಡರೆ ಮೊದಲ ವರ್ಷ 180/30, ಅಂದರೆ 6 ಸಲ. ಎರಡನೇ ವರ್ಷ 192/64, ಅಂದರೆ 3 ಸಲ. ದಿನಗಳಿಗೆ ತಿರುಗಿಸಿದರೆ 61 ದಿನ ಇದ್ದದ್ದು 122 ದಿನ ಆಯಿತು. ದಿನಗಳಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ ಎಂಬುದು ನನ್ನ ಬಲವಾದ ಸಲಹೆ. "ಪಂಪ್ ಗೋದಾಮಿಗೆ ಬಂದು ಹೊರಗೆ ಹೋಗಲು ಮೊದಲು ಎರಡು ತಿಂಗಳು, ಈಗ ನಾಲ್ಕು ತಿಂಗಳು" ಎಂದರೆ ಓದಿದವರಿಗೆ ತಟ್ಟನೆ ಅರ್ಥವಾಗುತ್ತದೆ.

ಮಾಲು ನಿಂತಿದೆ ಎನ್ನಲು ಇಲ್ಲಿ ಪುರಾವೆ ಏನು? ಗ್ರಾಸ್ ಪ್ರಾಫಿಟ್ 60ರಿಂದ 48ಕ್ಕೆ ಇಳಿದಿದೆ, ಅಂದರೆ ಶೇ 25ರಿಂದ ಶೇ 20ಕ್ಕೆ. ಮಾಲು ತಾನಾಗಿ ಹೋಗುತ್ತಿದ್ದರೆ ಲಾಭದ ಅಂಚು ಕಳೆದುಕೊಳ್ಳುವ ಅಗತ್ಯವಿರಲಿಲ್ಲ. ರಿಯಾಯಿತಿ ಕೊಟ್ಟು ಮಾರಿದ್ದಾರೆ, ಹಾಗೂ ಸ್ಟಾಕ್ ಕರಗಿಲ್ಲ ಎಂಬ ಅನುಮಾನ ಇಲ್ಲಿ ಬಲವಾಗುತ್ತದೆ. ಖರೀದಿ ಬೆಲೆಯೇ ಏರಿ ಅದನ್ನು ಗಿರಾಕಿಗೆ ದಾಟಿಸಲು ಆಗದೇ ಹೋಗಿರಬಹುದು, ಅದೂ ಸಾಧ್ಯ. ಎರಡನ್ನೂ ಒಂದೊಂದು ಸಾಲಿನಲ್ಲಿ ಹೇಳಿ.

ಸರಾಸರಿ ಸ್ಟಾಕ್ ತೆಗೆದುಕೊಳ್ಳಬೇಕಾ, ವರ್ಷಾಂತ್ಯದ್ದಾ?

ಆರಂಭದ ಸ್ಟಾಕ್ ಕೊಟ್ಟಿದ್ದರೆ ಸರಾಸರಿ. ಪಠ್ಯದ ಸೂತ್ರ ಅದೇ. ಇಲ್ಲಿ ಎರಡನೇ ವರ್ಷದ ಸರಾಸರಿ 47, ಹಾಗಾಗಿ 192/47, ಸುಮಾರು 4.1 ಸಲ, 89 ದಿನ.

ನೋಡಿ, 122 ದಿನ ಇದ್ದದ್ದು 89 ಆಯಿತು. ಸರಾಸರಿ ಪೆಟ್ಟನ್ನು ಮೆತ್ತಗೆ ಮಾಡಿ ತೋರಿಸುತ್ತದೆ, ಯಾಕೆಂದರೆ ಅದರೊಳಗೆ ಹೋದ ವರ್ಷದ ಒಳ್ಳೆಯ ಸ್ಥಿತಿಯೂ ಅರ್ಧ ಸೇರಿದೆ. ಹದಗೆಡುತ್ತಿರುವ ವ್ಯಾಪಾರದಲ್ಲಿ ಸರಾಸರಿ ಯಾವಾಗಲೂ ಸ್ವಲ್ಪ ತಡವಾಗಿ ಸುದ್ದಿ ಕೊಡುತ್ತದೆ. ಲೆಕ್ಕಕ್ಕೆ ಸರಾಸರಿ ಬಳಸಿ, ಅಭಿಪ್ರಾಯದಲ್ಲಿ "ವರ್ಷಾಂತ್ಯದ ಸ್ಟಾಕ್ ಮೇಲೆ ನೋಡಿದರೆ ಇಳಿಕೆ ಇನ್ನೂ ತೀವ್ರ" ಎಂದು ಸೇರಿಸಿ. ಎರಡು ವರ್ಷ ಹೋಲಿಸುವಾಗ ಒಂದಕ್ಕೆ ಸರಾಸರಿ, ಇನ್ನೊಂದಕ್ಕೆ ವರ್ಷಾಂತ್ಯ ಮಾತ್ರ ಬೇಡವೇ ಬೇಡ. ಈ ಪುಟದಲ್ಲಿ ಮುಂದಿನ ಲೆಕ್ಕಗಳಿಗೆಲ್ಲ ವರ್ಷಾಂತ್ಯದ ಅಂಕಿಯನ್ನೇ ಇಟ್ಟುಕೊಂಡಿದ್ದೇನೆ.

ವಸೂಲಿ ದಿನ ಹೆಚ್ಚಾದರೆ?

240/30, 8 ಸಲ, 46 ದಿನ. ಮುಂದಿನ ವರ್ಷ 240/48, 5 ಸಲ, 73 ದಿನ. ಗಿರಾಕಿ ಹಣ ಕೊಡಲು ಸುಮಾರು ನಾಲ್ಕು ವಾರ ಹೆಚ್ಚು ತೆಗೆದುಕೊಳ್ಳುತ್ತಿದ್ದಾನೆ.

ಇದಕ್ಕೆ ಎರಡು ದಾರಿಗಳಿವೆ. ಗಿರಾಕಿಯ ಕೈಯಲ್ಲಿ ಹಣವಿಲ್ಲ, ಅಥವಾ ವ್ಯಾಪಾರ ಹಿಡಿಯಲು ಇವರೇ ಗಡುವು ಜಾಸ್ತಿ ಕೊಟ್ಟಿದ್ದಾರೆ. ಎರಡನೆಯದಾಗಿದ್ದರೆ ಮಾರಾಟ ಹೆಚ್ಚಾಗಬೇಕಿತ್ತು. ಆಗಿಲ್ಲ. ಒಂದೋ ಗಡುವು ಕೊಟ್ಟದ್ದು ಫಲ ಕೊಟ್ಟಿಲ್ಲ, ಇಲ್ಲವೇ ವಸೂಲಿಯೇ ಕುಂಟುತ್ತಿದೆ. ಮಾರಾಟ ಶೇ 30 ಏರಿ ಬಾಕಿಯೂ ಶೇ 30 ಏರಿದ್ದರೆ ವಸೂಲಿ ದಿನ ಬದಲಾಗುತ್ತಲೇ ಇರಲಿಲ್ಲ. ಮೊತ್ತ ಬಿಟ್ಟು ದಿನಗಳನ್ನು ನೋಡುವುದು ಅದಕ್ಕೇ.

ಲೆಕ್ಕದಲ್ಲಿ ಒಂದು ಎಚ್ಚರಿಕೆ. ಮೇಲೆ ಉದ್ದರಿ ಮಾರಾಟ ಮಾತ್ರ ಬರಬೇಕು. ನಗದು ಮಾರಾಟವನ್ನೂ ಸೇರಿಸಿದರೆ ವಸೂಲಿ ಚುರುಕಾಗಿದೆ ಎಂಬ ಸುಳ್ಳು ಚಿತ್ರ ಬರುತ್ತದೆ. ಸಂಶಯಾಸ್ಪದ ಸಾಲದ ನಿಧಿಯನ್ನು ಕಳೆಯದೆ ಪೂರ್ತಿ ಬಾಕಿಯನ್ನೇ ಕೆಳಗಿಡಿ. ನಿಧಿ ಕಳೆದರೆ ಕೆಟ್ಟ ಬಾಕಿ ಹೆಚ್ಚಿದಷ್ಟೂ ರೇಷಿಯೋ ಚೆನ್ನಾಗಿ ಕಾಣುವ ವಿಚಿತ್ರ ಆಗುತ್ತದೆ.

ಮಾಲು ಕೊಟ್ಟವರಿಗೆ ಪಾವತಿಸುವ ದಿನ ಕಡಿಮೆಯಾದರೆ ಒಳ್ಳೆಯದಲ್ವಾ? ಬೇಗ ಸಾಲ ತೀರಿಸುತ್ತಿದ್ದಾರೆ ತಾನೇ?

ಇದು ಬಹಳ ಜನ ಎಡವುವ ಜಾಗ. ನಿಧಾನವಾಗಿ ನೋಡೋಣ.

ಖರೀದಿಯನ್ನು ಮೊದಲು ಕಂಡುಹಿಡಿಯಬೇಕು. ಮೊದಲ ವರ್ಷ ಆರಂಭ, ಅಂತ್ಯ ಎರಡೂ ಸ್ಟಾಕ್ 30 ಆದ್ದರಿಂದ ಖರೀದಿ 180. ಎರಡನೇ ವರ್ಷ 192 + 64 − 30 = 226. ಪಾವತಿ ದಿನ ಮೊದಲ ವರ್ಷ 61, ಎರಡನೇ ವರ್ಷ 52.

ಕೈತುಂಬ ನಗದಿರುವ ಸಂಸ್ಥೆ ಬೇಗ ಪಾವತಿಸಿದರೆ ನಗದು ರಿಯಾಯಿತಿ ಪಡೆಯಲು ಹಾಗೆ ಮಾಡಿದೆ ಎನ್ನಬಹುದು. ಇವರ ಕೈಯಲ್ಲಿ 3 ಲಕ್ಷ ಇದೆ. ರಿಯಾಯಿತಿ ಸಿಕ್ಕಿದ್ದರೆ ಗ್ರಾಸ್ ಪ್ರಾಫಿಟ್ ಅಥವಾ ಇತರ ಆದಾಯದಲ್ಲಿ ಎಲ್ಲೋ ಕಾಣಬೇಕಿತ್ತು, ಕಂಡಿಲ್ಲ. ನಗದು ಒಣಗುತ್ತಿರುವಾಗ ಪಾವತಿ ಬೇಗ ಆಗುತ್ತಿದೆ ಅಂದರೆ, ಮಾಲು ಕೊಡುವವರು ಉದ್ದರಿ ಬಿಗಿ ಮಾಡಿದ್ದಾರೆ ಎಂಬ ಓದು ಹೆಚ್ಚು ಹೊಂದುತ್ತದೆ. ಇಂಥ ಸಂಕಟದ ವಾಸನೆ ಮೊದಲು ಹತ್ತುವುದು ಮಾಲು ಕೊಡುವವರಿಗೇ.

ಇನ್ನೊಂದು ಕಾರಣವೂ ಸಾಧ್ಯ, ಅದನ್ನು ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) 2024-25ರ ಅಸೆಸ್‌ಮೆಂಟ್ ವರ್ಷದಿಂದ, ಅಂದರೆ ನಮ್ಮ ಉದಾಹರಣೆಯ ಎರಡನೇ ವರ್ಷಕ್ಕೇ ಅನ್ವಯಿಸಿತು. ಗಡುವು ಮೀರಿದರೆ ಆ ಖರೀದಿಯನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ಕಳೆಯಲು ಬಿಡುತ್ತಾರೆ. ಸಣ್ಣ ಪಂಪ್ ತಯಾರಕರಿಂದ ಕೊಳ್ಳುವ ಸಂಸ್ಥೆ ಇದಕ್ಕೆ ಹೆದರಿ ಮಾರ್ಚ್ ಒಳಗೆ ಬಾಕಿ ತೀರಿಸಿರಬಹುದು. ಆಗ 61ರಿಂದ 52ಕ್ಕೆ ಇಳಿದದ್ದು ಕಾನೂನಿನ ಪರಿಣಾಮ, ಅಪನಂಬಿಕೆಯದ್ದಲ್ಲ. ಬಾಕಿಯಲ್ಲಿ ಎಷ್ಟು ಪಾಲು ಸಣ್ಣ ಉದ್ಯಮಗಳದ್ದು ಎಂದು ಗೊತ್ತಾದರೆ ಎರಡರಲ್ಲಿ ಯಾವುದು ಎಂದು ತೀರ್ಮಾನಿಸಬಹುದು.

ಪಾವತಿ ದಿನ ಏರಿದರೂ ಅಷ್ಟೇ, ಎರಡು ಅರ್ಥ. ಬಲಶಾಲಿ ಕೊಳ್ಳುಗ ಒಳ್ಳೆಯ ಗಡುವು ಗಿಟ್ಟಿಸಿಕೊಂಡಿರಬಹುದು, ಅಥವಾ ಹಣವಿಲ್ಲದೆ ಎಳೆಯುತ್ತಿರಬಹುದು. ನಗದು ಮತ್ತು ಓವರ್‌ಡ್ರಾಫ್ಟ್ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ.

ಈ ಮೂರನ್ನೂ ಸೇರಿಸಿ ಒಂದೇ ಮಾತಿನಲ್ಲಿ ಹೇಳಬಹುದಾ?

ಹೇಳಬಹುದು, ಅದಕ್ಕೇ ನಗದು ಚಕ್ರ ಇರುವುದು. ಸ್ಟಾಕ್ ದಿನಕ್ಕೆ ವಸೂಲಿ ದಿನ ಕೂಡಿ, ಪಾವತಿ ದಿನ ಕಳೆಯಿರಿ.

```
2022-23:  61 + 46 − 61 = 46
2023-24: 122 + 73 − 52 = 143
```

ಮಾಲಿಗೆ ಹಣ ಕೊಟ್ಟ ದಿನದಿಂದ ಆ ಹಣ ಗಿರಾಕಿಯಿಂದ ವಾಪಸ್ ಬರುವ ದಿನದವರೆಗೆ ಮೊದಲು ಒಂದೂವರೆ ತಿಂಗಳು ಕಾಯಬೇಕಿತ್ತು. ಈಗ ಐದು ತಿಂಗಳಿಗೆ ಹತ್ತಿರ. ನಡುವಿನ ಅವಧಿಗೆ ಯಾರೋ ಹಣ ಹಾಕಬೇಕು. ಹಾಕಿದ್ದು ಬ್ಯಾಂಕ್. ಬಡ್ಡಿ 3ರಿಂದ 6 ಲಕ್ಷಕ್ಕೆ ಹೋದದ್ದು ಅಲ್ಲಿಂದಲೇ.

ಬಡ್ಡಿಗೆ ಮುಂಚಿನ ಲಾಭ 30ರಿಂದ 18ಕ್ಕೆ ಬಿದ್ದಿದೆ. ಬಡ್ಡಿ ಕವರೇಜ್ 10 ಸಲ ಇದ್ದದ್ದು 3 ಸಲ ಆಗಿದೆ. ಬಂಡವಾಳ ಮತ್ತು ದೀರ್ಘಾವಧಿ ಸಾಲ ಸೇರಿಸಿದ ಮೊತ್ತದ ಮೇಲಿನ ಪ್ರತಿಫಲ ಶೇ 30ರಿಂದ ಸುಮಾರು ಶೇ 13.5ಕ್ಕೆ. ಸಾಲ ಮತ್ತು ಬಂಡವಾಳದ ಅನುಪಾತ 0.25ರಿಂದ 0.51. ಈ ಕೊನೆಯದು ಒಂಟಿಯಾಗಿ ನೋಡಿದರೆ ಇನ್ನೂ ಸೌಮ್ಯವಾಗೇ ಇದೆ. ಅದರ ಮಟ್ಟಕ್ಕಿಂತ ಅದು ಯಾಕೆ ಏರಿತು ಎಂಬುದು ಮುಖ್ಯ: ಸಾಲದ ಹಣ ಹೊಸ ಗೋದಾಮಿಗೋ ವಾಹನಕ್ಕೋ ಹೋಗಿಲ್ಲ, ನಿಂತ ಮಾಲಿಗೆ ಹೋಗಿದೆ.

ಕರೆಂಟ್ ರೇಷಿಯೋ ಇಳಿದು 2ಕ್ಕಿಂತ, 1ಕ್ಕಿಂತ ಕೆಳಗೆ ಹೋದರೆ ಸಂಸ್ಥೆ ಮುಳುಗುತ್ತಿದೆ ಎಂದೇ?

ಹಾಗೇನಿಲ್ಲ. ಬೆಂಗಳೂರಿನ ಒಂದು ದರ್ಶಿನಿ ಹೋಟೆಲ್ ಲೆಕ್ಕ ಹಾಕಿ. ಗಿರಾಕಿ ಇಡ್ಲಿ ತಿನ್ನುವ ಮೊದಲೇ ಕೌಂಟರ್‌ನಲ್ಲಿ ದುಡ್ಡು ಕೊಡುತ್ತಾನೆ, ಹಾಗಾಗಿ ಬರಬೇಕಾದ ಬಾಕಿ ಇಲ್ಲ. ತರಕಾರಿ, ಹಾಲು ಅಂದಂದಿನದು. ಅಕ್ಕಿ, ಬೇಳೆ, ಎಣ್ಣೆ ಅಂಗಡಿಯವರಿಗೆ ಮಾತ್ರ ಕೆಲವು ದಿನ ಬಿಟ್ಟು ಹಣ. ಚಾಲ್ತಿ ಆಸ್ತಿ ಸಣ್ಣದು, ಹೊಣೆಗಾರಿಕೆ ಅದಕ್ಕಿಂತ ದೊಡ್ಡದು, ರೇಷಿಯೋ 1ಕ್ಕಿಂತ ಕಡಿಮೆ. ಆದರೂ ತೊಂದರೆಯಿಲ್ಲ, ಯಾಕೆಂದರೆ ಹಣ ದಿನವೂ ಬರುತ್ತದೆ. ಇಲ್ಲಿ ನಗದು ಚಕ್ರ ಸೊನ್ನೆಗಿಂತ ಕೆಳಗಿರುತ್ತದೆ. ಅಂಥ ಹೋಟೆಲ್‌ನ ಕರೆಂಟ್ ರೇಷಿಯೋ ದಿಢೀರನೆ 2 ಆದರೆ ನಾನು ಅನುಮಾನ ಪಡುತ್ತೇನೆ.

2:1 ಎಂಬ ಅಳತೆಯ ಹಿಂದಿರುವ ಯೋಚನೆ ಇಷ್ಟೇ: ಚಾಲ್ತಿ ಆಸ್ತಿಯ ಬೆಲೆ ಅರ್ಧಕ್ಕೆ ಕುಸಿದರೂ ಹೊಣೆ ತೀರಿಸಬಹುದು. ಅದು ಸಾಲ ಕೊಡುವವನ ಎಚ್ಚರಿಕೆ, ಎಲ್ಲ ವ್ಯಾಪಾರಕ್ಕೂ ಹೊಂದುವ ನಿಯಮವಲ್ಲ.

ಭಾರತದ ಬ್ಯಾಂಕ್‌ಗಳಲ್ಲಿ ನೀವು ಕೇಳುವ ಸಂಖ್ಯೆ 1.33. ಅದಕ್ಕೆ ಮೂಲ ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿ. ಅದರ ಎರಡನೇ ವಿಧಾನದಲ್ಲಿ ಒಟ್ಟು ಚಾಲ್ತಿ ಆಸ್ತಿಯ ಶೇ 25ರಷ್ಟನ್ನು ವ್ಯಾಪಾರಿ ತನ್ನ ದೀರ್ಘಾವಧಿ ಹಣದಿಂದ ತರಬೇಕು. ಉಳಿದ 75 ಮಾತ್ರ ಬ್ಯಾಂಕ್ ಮತ್ತು ಮಾಲು ಕೊಟ್ಟವರದ್ದು. 100ನ್ನು 75ರಿಂದ ಭಾಗಿಸಿ, 1.33 ಬರುತ್ತದೆ. ಈ ಲೆಕ್ಕ ತಿಳಿದಿದ್ದರೆ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಿಲ್ಲ.

ವರ್ಷಾಂತ್ಯಕ್ಕೆ ರೇಷಿಯೋ ಚೆನ್ನಾಗಿ ಕಾಣುವಂತೆ ಮಾಡಬಹುದಾ?

ಮಾಡಬಹುದು, ಯಾವ ಸುಳ್ಳು ಬರವಣಿಗೆಯೂ ಬೇಕಿಲ್ಲ. ಮೊದಲ ವರ್ಷದ ಅಂಕಿ ತೆಗೆದುಕೊಳ್ಳಿ: 72 ಮತ್ತು 40. ಮಾರ್ಚ್ 30ರಂದು ಕೈಯಲ್ಲಿರುವ 12 ಲಕ್ಷವನ್ನೂ ಮಾಲು ಕೊಟ್ಟವರಿಗೆ ಕೊಟ್ಟುಬಿಟ್ಟರೆ 60 ಮತ್ತು 28. ರೇಷಿಯೋ 1.8ರಿಂದ 2.14ಕ್ಕೆ ಜಿಗಿಯಿತು. ವ್ಯಾಪಾರದಲ್ಲಿ ಏನೂ ಬದಲಾಗಿಲ್ಲ, ಕೈ ಮಾತ್ರ ಖಾಲಿಯಾಯಿತು.

ಇದು ರೇಷಿಯೋ 1ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕೆಲಸ ಮಾಡುತ್ತದೆ. 40 ಮತ್ತು 50 ಇದ್ದರೆ, ಅಂದರೆ 0.8 ಇದ್ದರೆ, 10 ಲಕ್ಷ ಪಾವತಿಸಿದಾಗ 30 ಮತ್ತು 40, ಅಂದರೆ 0.75. ಇಳಿಯಿತು. ಸರಿಯಾಗಿ 1 ಇದ್ದರೆ ಬದಲಾವಣೆಯೇ ಇಲ್ಲ. "ಕೆಳಗಿನ ವ್ಯವಹಾರಗಳಿಂದ ಕರೆಂಟ್ ರೇಷಿಯೋ ಏರುತ್ತದೆಯೇ, ಇಳಿಯುತ್ತದೆಯೇ" ಎಂಬ ಪ್ರಶ್ನೆಯಲ್ಲಿ ಮೊದಲು ಈಗಿನ ರೇಷಿಯೋ 1ರ ಯಾವ ಕಡೆ ಇದೆ ಎಂದು ನೋಡಿಕೊಳ್ಳಿ. ಉದ್ದರಿಯಲ್ಲಿ ಮಾಲು ಕೊಂಡರೆ ಎರಡೂ ಕಡೆ ಸಮನಾಗಿ ಹೆಚ್ಚುತ್ತದೆ, ಆಗ ಫಲಿತಾಂಶ ಇದಕ್ಕೆ ತಿರುಗುಮುರುಗು. ಬಾಕಿ ವಸೂಲಾದರೆ ಏನೂ ಆಗುವುದಿಲ್ಲ, ಒಂದು ಚಾಲ್ತಿ ಆಸ್ತಿ ಇನ್ನೊಂದಾಯಿತು ಅಷ್ಟೇ.

ಪಂಪ್ ವ್ಯಾಪಾರ ಬೇಸಿಗೆಯದ್ದು. ಮಾರ್ಚ್ 31ರ ಸ್ಟಾಕ್ ಜಾಸ್ತಿ ಇದ್ದರೆ ಅದು ಸೀಸನ್ ತಯಾರಿ ಅಲ್ವಾ?

ನ್ಯಾಯವಾದ ಪ್ರಶ್ನೆ. ಬೇಸಿಗೆ ವ್ಯಾಪಾರಕ್ಕೆ ಮಾರ್ಚ್ ಕೊನೆಯ ಬ್ಯಾಲೆನ್ಸ್ ಶೀಟ್ ಗೋದಾಮು ತುಂಬಿದ ಹೊತ್ತಿನ ಚಿತ್ರ ಆಗಿರಬಹುದು.

ಆದರೆ ಸೀಸನ್‌ಗೆಂದು ಈಗಷ್ಟೇ ಕೊಂಡ ಮಾಲಾಗಿದ್ದರೆ ಅದರ ಹಣ ಇನ್ನೂ ಕೊಡಬೇಕಿರುತ್ತದೆ. ಸ್ಟಾಕ್ ಜೊತೆಗೆ ಕೊಡಬೇಕಾದ ಬಾಕಿಯೂ ಉಬ್ಬಬೇಕು. ಮೊದಲ ವರ್ಷ ಹಾಗೇ ಇತ್ತು, ಸ್ಟಾಕ್ 30, ಬಾಕಿ 30. ಎರಡನೇ ವರ್ಷ ಸ್ಟಾಕ್ 64, ಬಾಕಿ 32. ಅರ್ಧ ಮಾಲಿಗೆ ಆಗಲೇ ಹಣ ಕೊಟ್ಟಾಗಿದೆ. ಮೇಲೆ ಹೇಳಿದ 45 ದಿನದ ನಿಯಮದಿಂದ ಬೇಗ ಪಾವತಿಯಾಗಿರದಿದ್ದರೆ, ಆ ಅರ್ಧ ಹಳೆಯ ಮಾಲು. ಜೊತೆಗೆ, ಹಿಂದಿನ ಮಾರ್ಚ್ 31 ಕೂಡ ಅದೇ ಸೀಸನ್‌ನದ್ದು. ಹಾಗಾಗಿ ಸೀಸನ್ ಒಂದರಿಂದಲೇ ಈ ದುಪ್ಪಟ್ಟನ್ನು ವಿವರಿಸಲಾಗುವುದಿಲ್ಲ.

ಹಾಗಾದರೆ ಪೂರ್ತಿ ಉತ್ತರ ಹೇಗಿರಬೇಕು?

ಕರೆಂಟ್ ರೇಷಿಯೋ ಬಗ್ಗೆ ಅಭಿಪ್ರಾಯ ಕೇಳಿದರೆ ನಾನು ಹೀಗೆ ಬರೆಯುತ್ತೇನೆ:

"ಕರೆಂಟ್ ರೇಷಿಯೋ 1.8ರಿಂದ 2.3ಕ್ಕೆ ಏರಿ ಆದರ್ಶ 2:1ನ್ನು ದಾಟಿದೆ. ಆದರೆ ಕ್ವಿಕ್ ರೇಷಿಯೋ 1.05ರಿಂದ 1.02ಕ್ಕೆ ಸ್ವಲ್ಪ ಇಳಿದಿರುವುದರಿಂದ ಈ ಏರಿಕೆ ಸ್ಟಾಕ್‌ನಿಂದ ಬಂದದ್ದು. ಮಾರಾಟ ಏರದೆ ಸ್ಟಾಕ್ ಅವಧಿ 61ರಿಂದ 122 ದಿನಕ್ಕೆ, ವಸೂಲಿ ಅವಧಿ 46ರಿಂದ 73 ದಿನಕ್ಕೆ ಹೋಗಿದೆ. ನಗದು 12ರಿಂದ 3 ಲಕ್ಷಕ್ಕೆ ಇಳಿದಿದೆ. ಹೆಚ್ಚಿನ ಹಣ ದೀರ್ಘಾವಧಿ ಸಾಲದಿಂದ ಬಂದಿದ್ದರಿಂದ ರೇಷಿಯೋ ಉತ್ತಮವಾಗಿ ಕಾಣುತ್ತಿದೆ. ವಾಸ್ತವವಾಗಿ ಅಲ್ಪಾವಧಿ ಪಾವತಿ ಸಾಮರ್ಥ್ಯ ಕುಗ್ಗಿದೆ. ಸ್ಟಾಕ್ ಮತ್ತು ಬಾಕಿಗಳ ವಯಸ್ಸಿನ ಪಟ್ಟಿ ಸಿಕ್ಕರೆ ಈ ತೀರ್ಮಾನವನ್ನು ಖಚಿತಪಡಿಸಬಹುದು."

ಅಂಕಿ, ಕಾರಣ, ಇನ್ನೊಂದು ರೇಷಿಯೋದ ಸಾಕ್ಷಿ, ತೀರ್ಮಾನ, ಇನ್ನೇನು ಬೇಕು ಎಂಬ ಒಂದು ಸಾಲು. ಎರಡು ಅಂಕದ ಪ್ರಶ್ನೆಯಾದರೆ ಮೊದಲ ಎರಡು ವಾಕ್ಯ ಮತ್ತು ತೀರ್ಮಾನ ಸಾಕು.

ನಿಜವಾದ ಕಂಪನಿಗಳ ವರದಿಯಲ್ಲಿ ಇಂಥ ವಿವರಣೆ ಸಿಗುತ್ತದಾ? ಅಭ್ಯಾಸಕ್ಕೆ ಬೇಕಿತ್ತು.

ಸಿಗುತ್ತದೆ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕಂಪನಿ ಕಾಯ್ದೆಯ ಶೆಡ್ಯೂಲ್ 3ಕ್ಕೆ 2021ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂದು, 2021ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ 11 ರೇಷಿಯೋಗಳನ್ನು ಕೊಡಬೇಕಾಗಿದೆ. ಕರೆಂಟ್ ರೇಷಿಯೋ, ಸ್ಟಾಕ್, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳ ಟರ್ನ್‌ಓವರ್ ಎಲ್ಲ ಅದರಲ್ಲಿವೆ. ಮೇಲೆ ಯಾವ ಅಂಕಿ, ಕೆಳಗೆ ಯಾವ ಅಂಕಿ ತೆಗೆದುಕೊಂಡೆವು ಎಂದೂ ಹೇಳಬೇಕು. ಹಿಂದಿನ ವರ್ಷಕ್ಕಿಂತ ಶೇ 25ಕ್ಕಿಂತ ಹೆಚ್ಚು ಬದಲಾದರೆ ಕಾರಣ ಬರೆಯಲೇಬೇಕು. ನಮ್ಮ ಹಾವೇರಿ ಸಂಸ್ಥೆ ಪಾಲುದಾರಿಕೆಯದ್ದಾದ್ದರಿಂದ ಇದು ಅನ್ವಯಿಸದು. ಕಂಪನಿಯಾಗಿದ್ದರೆ 1.8ರಿಂದ 2.3, ಅಂದರೆ ಸುಮಾರು ಶೇ 28ರ ಏರಿಕೆಗೆ ಕಾರಣ ಕೊಡಬೇಕಾಗುತ್ತಿತ್ತು.

ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತೆರೆದು ಆ ಟಿಪ್ಪಣಿ ಹುಡುಕಿ. ಕಾರಣದ ಕಾಲಂ ಅನ್ನು ಕೈಯಿಂದ ಮುಚ್ಚಿ, ಅಂಕಿಗಳಿಂದಲೇ ನಿಮ್ಮ ಕಾರಣ ಬರೆದು, ಆಮೇಲೆ ಅವರದ್ದರ ಜೊತೆ ಹೋಲಿಸಿ. ಕೆಲವು ಕಡೆ "ಚಾಲ್ತಿ ಆಸ್ತಿ ಹೆಚ್ಚಾದ ಕಾರಣ" ಎಂದಷ್ಟೇ ಬರೆದಿರುತ್ತಾರೆ. ಅಲ್ಲಿ ಬಿಡಬೇಡಿ. ಬ್ಯಾಲೆನ್ಸ್ ಶೀಟ್‌ಗೆ ಹೋಗಿ, ಯಾವ ಚಾಲ್ತಿ ಆಸ್ತಿ, ಯಾರ ದುಡ್ಡಿನಿಂದ ಎಂದು ನೋಡಿ.